ಖಾಲಿ ಕೊಡಬಾರದು

ಸ್ಫೂರ್ತಿ ಕೇಳಿದ್ದು ಖಾಲಿ ಟ್ರಂಕನ್ನು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಸೋಫಾದ ಮುಂದೆ ಇಟ್ಟುಕೊಂಡು ಅದರ ಮೇಲೊಂದು ಗಾಜು ಹಾಕಿಸಿದರೆ ಚೆನ್ನಾಗಿರುತ್ತದೆ ಅಂತ ಅವಳ ಲೆಕ್ಕ. ಫೋನಿನಲ್ಲಿ ಅಂಥದ್ದೊಂದು ಫೋಟೋ ಕೂಡ ತೋರಿಸಿದಳು.

ರಂಗಮ್ಮ ಫೋಟೋ ನೋಡಲಿಲ್ಲ. "ಖಾಲಿ ಟ್ರಂಕು ಯಾರಿಗೂ ಕೊಡಬಾರದು ಕಣೇ. ಇರೋದೆಲ್ಲ ಸೇರಿಸಿ ಕೊಡ್ತೀನಿ. ಆದ್ರೆ ಪಟ್ಟಿ ಮಾಡದೆ ಕೊಡಲ್ಲ. ಹೋಗು, ಪುಸ್ತಕ ತಗೊಂಬಾ."

ಪುಸ್ತಕ ಅಂದರೆ ಸ್ತ್ರೀಶಕ್ತಿ ಸಂಘದ ಹಳೇ ಲೆಕ್ಕದ ಪುಸ್ತಕ. ರಂಗಮ್ಮ ಅದರಲ್ಲಿ ವರ್ಷಗಟ್ಟಲೆ ವಾರದ ಹತ್ತು ಹತ್ತು ರೂಪಾಯಿ ಬರೆದವರು. ಒಂದು ಪೈಸೆ ಆಚೀಚೆ ಆದರೆ ಅವತ್ತು ರಾತ್ರಿ ನಿದ್ದೆ ಇಲ್ಲ. ಹಿಂದಿನ ಕೆಲವು ಹಾಳೆ ಖಾಲಿ ಉಳಿದಿದ್ದವು. ಸ್ಫೂರ್ತಿ ನಡುಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅಜ್ಜಿ ಮಣೆ ಎಳೆದುಕೊಂಡರು.

"ಮೊದಲು ಟ್ರಂಕನ್ನೇ ಬರಿ. ಟ್ರಂಕು ಒಂದು. 1969, ಅರಸೀಕೆರೆ ಸಂತೆ. ಅಪ್ಪ ಕೊಡಿಸಿದ್ದು. ಎಡಗಡೆ ಚಿಲಕ ಸಡಿಲ."

"ಚಿಲಕದ್ದೆಲ್ಲ ಯಾಕಜ್ಜಿ?"

"ನಾಳೆ ನೀನೇ ಮುರಿದೆ ಅಂತ ನಾನು ಅನ್ನಬಾರದಲ್ಲ!"

ಮುಚ್ಚಳ ತೆಗೆದಾಗ ನುಸಿಗುಳಿಗೆ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಹಾಸಿದ್ದ ಪಂಚೆ ಎತ್ತಿದರೆ ಕೆಳಗೆ ಧಾರೆ ಸೀರೆ. ಜರಿ ಕಪ್ಪಾಗಿದೆ, ಮಡಿಕೆ ಇದ್ದಲ್ಲೆಲ್ಲ ಬಟ್ಟೆ ಸೀಳಿದೆ. "ಉಡಕ್ಕಾಗಲ್ಲ ಅಂತ ಬರಿ," ಅಂದರು. ಅದರ ಕೆಳಗೆ ಗಿಳಿಹಸಿರು ಮೈಸೂರು ಸಿಲ್ಕ್. ತಾತನಿಗೆ ಬಂದ ಬೋನಸ್ಸಿನಲ್ಲಿ ತಂದದ್ದು. "ಸೆರಗಿನ ಹತ್ರ ತೂತು ಒಂದು. ನಿಮ್ಮಪ್ಪ ಆರತಿ ತಟ್ಟೆ ಹಿಡಿದು ಕುಣಿದದ್ದು. ಅದನ್ನೂ ಬರಿ." ಸ್ಫೂರ್ತಿ ನಗುತ್ತಾ ಬರೆದಳು: ತೂತು, ಅಪ್ಪ.

ಆಮೇಲಿನದು ಬೇಗ ಬೇಗ ಆಯಿತು. ಬೆಳ್ಳಿ ಉಡಿದಾರ ಒಂದು, ಸ್ಫೂರ್ತಿಗೇ ಹಾಕಿದ್ದು. ಕುಂಕುಮದ ಭರಣಿ. ಚೌಕಾಬಾರದ ಕವಡೆ ನಾಲ್ಕು. ಅಂಚೆ ಕಚೇರಿಯ ಮುಗಿದ ಪಾಸ್ ಪುಸ್ತಕ. ಹಾರ್ಲಿಕ್ಸ್ ಬಾಟಲಿ ತುಂಬ ಪಾವಲಿ. ಘೇಂಡಾಮೃಗದ ಚಿತ್ರ ಇರುವಂಥವು. ಹಾಲು ಮಾರಿದ ಚಿಲ್ಲರೆ ಅದು. 2011ರಲ್ಲಿ ಇನ್ನು ಪಾವಲಿ ನಡೆಯಲ್ಲ ಅಂದಾಗ ರಂಗಮ್ಮ ಬ್ಯಾಂಕಿಗೆ ಹೋಗಲಿಲ್ಲ, ಬಾಟಲಿಯ ಮುಚ್ಚಳ ಬಿಗಿ ಮಾಡಿದರು ಅಷ್ಟೆ. ಸೀರೆಯ ಮಡಿಕೆಯಿಂದ ಐನೂರರ ಹಳೇ ನೋಟು ಎರಡು ಬಿದ್ದವು.

"ಅಜ್ಜಿ! ಇವು 2016ರಲ್ಲೇ ಬಂದ್ ಆದವು."

"ಗೊತ್ತು. ನೋಟು ಎರಡು, ಬೆಲೆ ಸೊನ್ನೆ. ಬರ್ಕೋ."

"ಆವಾಗ ಯಾಕೆ ಬದಲಾಯಿಸಲಿಲ್ಲ?"

"ಸೀರೆ ಮಡಿಕೆ ಬಿಚ್ಚಲಿಲ್ಲ. ನಿಮ್ಮ ತಾತ ಹೋದ ವರ್ಷ ಅದು. ಯಾವ ಸೀರೆ ತೆಗೀಲಿ?"

ಸ್ಫೂರ್ತಿಯ ಪೆನ್ನು ನಿಂತಿತು. ಅಜ್ಜಿ ಮಾತ್ರ ಟ್ರಂಕಿನ ತಳಕ್ಕೆ ಕೈ ಹಾಕಿ ಏನೋ ತಡಕಾಡುತ್ತಿದ್ದರು.

"ಈಗ ಹಾಳೆ ತಿರುವು. ಮೇಲೆ ದೊಡ್ಡದಾಗಿ ಬರಿ, ನಮ್ಮದಲ್ಲದ್ದು."

"ನಮ್ಮದಲ್ಲದ್ದಾ?"

"ಹ್ಞೂಂ. ಟ್ರಂಕು ತಗೊಂಡ ಮೇಲೆ ಅದೂ ನಿಂದೇ."

ಮೊದಲು ಬಂದದ್ದು ಕೋಲಿಗೆ ಸುತ್ತಿದ ಎರಡು ಬಾವುಟ. ಒಂದು ಕೆಂಪು, ಒಂದು ಹಸಿರು. ಬಿಸಿಲಿಗೆ ಕೆಂಪು ಗುಲಾಬಿಯಾಗಿತ್ತು, ಹಸಿರಿನ ಅಂಚು ಎಳೆ ಎಳೆ ಬಿಟ್ಟಿತ್ತು. ತಾತ ಬಾಣಾವರದ ಕಡೆಯ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದರು. ಮೀಟರ್ ಗೇಜ್ ಕಾಲ. ಗೇಟು ಹಾಕಿ, ಹಸಿರು ಬಾವುಟ ಹಿಡಿದು ಗಾಡಿ ದಾಟುವವರೆಗೂ ನಿಂತಿರಬೇಕು. ಊಟಕ್ಕೆ ಕೂತಿದ್ದರೂ ಗಾಡಿ ಬಂತು ಅಂದರೆ ತುತ್ತು ತಟ್ಟೆಗೇ ವಾಪಸ್. ರಂಗಮ್ಮ ಅನ್ನಕ್ಕೆ ತಟ್ಟೆ ಮುಚ್ಚಿ ಕಾಯುತ್ತಿದ್ದರು.

"ರಿಟೈರಾದಾಗ ಎಲ್ಲಾ ವಾಪಸ್ ಕೊಟ್ಟರು. ಇವು ಹರಿದಿವೆ ಅಂತ ಕೊಡಲಿಲ್ಲ. ನಾನು ಎಷ್ಟು ಹೇಳಿದೆ, ಹರಿದಿದ್ದರೂ ರೈಲ್ವೆದು ರೈಲ್ವೆದೇ ಅಂತ. ಬರಿ, ರೈಲ್ವೆಯದು ಎರಡು."

"ಇದನ್ನ ನಾನು ಯಾರಿಗೆ ಕೊಡಲಿ ಅಜ್ಜಿ? ಸ್ಟೇಷನ್ ಮಾಸ್ಟರ್‌ಗಾ?"

"ಕೇಳಿದ್ರೆ ಕೊಡು. ಕೇಳದಿದ್ರೆ ಇಟ್ಕೋ."

ಆಮೇಲೆ ಪಕ್ಕದ ಮನೆಯವರ ಹಿತ್ತಾಳೆ ಸೌಟು. ಯಾವುದೋ ಗೃಹಪ್ರವೇಶಕ್ಕೆ ತಂದದ್ದು, ಅವರು ಮನೆ ಮಾರಿ ಹೋದರು. ಕೊನೆಗೆ ಅಮೃತಾಂಜನದ ಪುಟ್ಟ ಡಬ್ಬಿ. ರಂಗಮ್ಮ ಅದನ್ನು ಸೀರೆ ಸೆರಗಿನಲ್ಲಿ ಒರೆಸಿ ಮುಚ್ಚಳ ತಿರುವಿದರು. ಒಳಗೆ ಹತ್ತಿ. ಹತ್ತಿಯ ಮೇಲೆ ಒಂದು ಜೊತೆ ಬಿಳಿ ಕಲ್ಲಿನ ಓಲೆ. ಒಂದರಲ್ಲಿ ಕಲ್ಲು ಬಿದ್ದು, ಅಲ್ಲಿ ಮಣ್ಣಿನ ಬಣ್ಣದ ಗುಳಿ.

"ಜಯಮ್ಮನ ಓಲೆ. 1983. 200 ರೂಪಾಯಿಗೆ ಅಡ."

"ನೀನು ಅಡ ಇಟ್ಕೋತಿದ್ಯಾ?"

"ನಾನೆಲ್ಲಿ ಇಟ್ಕೊಂಡೆ? ಸುಮ್ನೆ ದುಡ್ಡು ಕೊಡ್ತೀನಿ ಅಂದೆ. ಮಗೂಗೆ ಜ್ವರ, ಆಸ್ಪತ್ರೆಗೆ ಹೋಗಬೇಕಿತ್ತು. ಹಂಗೇ ತಗೊಳ್ಳೋ ಹೆಂಗಸಲ್ಲ ಅವಳು. ಕಿವಿಯಿಂದ ಬಿಚ್ಚಿ ಕೈಗೆ ಹಾಕಿ, ಬೇವಿನ ಕಡ್ಡಿ ಮುರಿದು ಕಿವಿಗಿಟ್ಕೊಂಡು ಹೋದಳು. ಅವಳ ಗಂಡ ಗ್ಯಾಂಗ್‌ಮನ್. ಅದೇ ತಿಂಗಳು ವರ್ಗ ಆಯ್ತು."

"ಮಗು?"

"ಹುಷಾರಾಯ್ತು ಅಂತ ಯಾರೋ ಹೇಳಿದರು."

ಸ್ಫೂರ್ತಿ ಓಲೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಚಿನ್ನದ ರೇಟು ಅವಳಿಗೆ ಗೊತ್ತು. "ಅಜ್ಜಿ, ಈಗ ಇದಕ್ಕೆ ಏನಿಲ್ಲ ಅಂದ್ರೂ 20 ಸಾವಿರ ದಾಟುತ್ತೆ. 200 ರೂಪಾಯಿ ಯಾವತ್ತೋ ವಸೂಲಾಯ್ತು ಬಿಡು."

"ನಿನ್ನ ಅತ್ತೆ ಮದುವೇಲಿ ನಿಮ್ಮ ತಾತನೂ ಇದನ್ನೇ ಅಂದರು. ಕರಗಿಸಿ ಒಂದು ಉಂಗುರ ಮಾಡಿಸೋಣ ಅಂತ. ಮೂರು ದಿನ ಮಾತು ಬಿಟ್ಟೆ ನಾನು. ಮಾತು ಬಿಟ್ಟರೂ ಊಟ ಬಡಿಸ್ತಿದ್ದೆ, ಅದೇ ಅವರಿಗೆ ಜಾಸ್ತಿ ಚುಚ್ಚಿತು!" ಅಜ್ಜಿ ಬಾಯಿ ತುಂಬ ನಕ್ಕರು. ಆಮೇಲೆ ಸ್ವಲ್ಪ ಗಟ್ಟಿ ದನಿಯಲ್ಲಿ ಕೇಳಿದರು. "ಸರಿ, ಹೇಳು. ಅವಳು ಬಂದ್ರೆ ಏನ್ ಮಾಡ್ತೀಯಾ?"

"ಅವರಿಗೆ ಈಗ ಎಷ್ಟು ವಯಸ್ಸೋ ಏನೋ..."

"ಅವಳಲ್ಲದಿದ್ರೆ ಆ ಮಗು ಬರುತ್ತೆ. ಏನ್ ಮಾಡ್ತೀಯಾ?"

"ಓಲೆ ಕೊಡ್ತೀನಿ."

"ದುಡ್ಡು?"

"ಬೇಡ ಬಿಡಜ್ಜಿ, 200 ರೂಪಾಯಿ ಏನು ಕೇಳೋದು."

"ತಪ್ಪು. ಇಸ್ಕೋಬೇಕು. ಸುಮ್ನೆ ವಾಪಸ್ ಕೊಟ್ಟರೆ ಜಯಮ್ಮ ಸಾಲ ಉಳಿಸಿಕೊಂಡ ಹಂಗಾಗುತ್ತೆ. 200 ಇಸ್ಕೋ. ಬಡ್ಡಿ ಮಾತ್ರ ಮುಟ್ಟಬೇಡ."

ಸ್ಫೂರ್ತಿ ಹಾಗೇ ಬರೆದಳು. ಬರೆದದ್ದನ್ನು ಅಜ್ಜಿಗೆ ಜೋರಾಗಿ ಓದಿ ಹೇಳಿದಳು. ರಂಗಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಪ್ರತಿ ಸಾಲನ್ನೂ ಮತ್ತೆ ನೋಡಿದರು. ಸೌಟಿನ ಮುಂದೆ ಹಿಡಿ ಸೊಟ್ಟ ಅಂತ ಸೇರಿಸಲು ಹೇಳಿದರು. ಆಮೇಲೆ ಕೆಳಗೆ "ಕೊಟ್ಟವರು" ಅಂತ ಬರೆಸಿ ತಾವು ರುಜು ಹಾಕಿದರು. ದೊಡ್ಡ ಅಕ್ಷರ, ರ-ಂ-ಗ-ಮ್ಮ ಅಂತ ಬಿಡಿಸಿ ಬಿಡಿಸಿ.

"ತಗೊಂಡವರು?" ಅಂತ ಪೆನ್ನು ಮುಂದೆ ಚಾಚಿದರು.

ಕೇಳಲು ಬಂದದ್ದು ಖಾಲಿ ಟ್ರಂಕು. ಸ್ಫೂರ್ತಿ ಎರಡನೇ ಹಾಳೆಯನ್ನು ಇನ್ನೊಂದು ಸಲ ಓದಿದಳು. ಜಯಮ್ಮನ ಸಾಲಿನ ಪಕ್ಕ ತನ್ನ ಫೋನ್ ನಂಬರ್ ಬರೆದಳು. ಆಮೇಲೆ ರುಜು ಹಾಕಿದಳು.

ಅಷ್ಟರಲ್ಲಿ ಚಿಕ್ಕಪ್ಪ ಬಂದು ಟ್ರಂಕಿನ ಹಿಡಿ ಎತ್ತಿ ನೋಡಿದರು. "ಏನಮ್ಮಾ ಇದು, ಕಲ್ಲು ತುಂಬಿದ್ದೀಯಾ? ಬಸ್ಸಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರೀತಾನೆ."

"ರೈಲಲ್ಲಿ ಹೋಗ್ತಾಳೆ," ಅಂದರು ರಂಗಮ್ಮ. "ಆ ಬಾವುಟ ಮಾತ್ರ ಕಾಣೋ ಹಾಗೆ ಇಡಬೇಡ ಕಣೇ."