ವಿಷಯ: ಭಾನುವಾರದ ಮಳೆನೀರಿನ ಮೀಟಿಂಗ್ – ಯಾವ ಕೆಲಸ ಯಾರದ್ದು, ಯಾವತ್ತಿನೊಳಗೆ

ಎಲ್ಲರಿಗೂ ನಮಸ್ಕಾರ,

ನಿನ್ನೆ, ಏಪ್ರಿಲ್ 12ರ ಭಾನುವಾರ, ಬೇಸ್‌ಮೆಂಟಿನಲ್ಲಿ ಸೇರಿದ್ದ ಎಲ್ಲರಿಗೂ ಧನ್ಯವಾದ. ಬರಲು ಆಗದವರಿಗೂ ಗೊತ್ತಾಗಲಿ ಅಂತ, ಏನು ತೀರ್ಮಾನವಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಪ್ರತಿ ಕೆಲಸಕ್ಕೂ ಒಬ್ಬರದೇ ಹೆಸರಿದೆ. ಬೇರೆಯವರು ಕೈಜೋಡಿಸಬಹುದು, ಆದರೆ ಕೆಲಸ ಎಲ್ಲಿಗೆ ಬಂತು ಅಂತ ಕೇಳಬೇಕಾದದ್ದು ಆ ಒಬ್ಬರನ್ನೇ.

ಮೇ ತಿಂಗಳ ದೊಡ್ಡ ಮಳೆ ಶುರುವಾಗುವ ಮೊದಲು ನಮ್ಮ ಇಂಗುಬಾವಿ ಸಿದ್ಧವಾಗಿರಬೇಕು. ಉಳಿದ ಕೆಲಸಗಳೆಲ್ಲ ಇದರ ಸುತ್ತಲೇ ಇವೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ತಾರಸಿ ಸುಮಾರು 600 ಚದರ ಮೀಟರ್ ಇದೆ. 20 ಮಿ.ಮೀ. ಮಳೆಗೆ 12,000 ಲೀಟರ್, ಅಂದರೆ ಒಂದು ದೊಡ್ಡ ಟ್ಯಾಂಕರ್. ಸ್ವಲ್ಪ ಸೋರಿ, ಆರಿ ಹೋದರೂ 10,000 ಲೀಟರ್‌ಗೆ ಮೋಸವಿಲ್ಲ. ಈಗ ಅಷ್ಟೂ ನೀರು ರಸ್ತೆ ಮೋರಿಗೆ ಹೋಗುತ್ತಿದೆ, ನಾವು ಟ್ಯಾಂಕರಿಗೆ ದುಡ್ಡು ಕೊಡುತ್ತಿದ್ದೇವೆ. ಇದು ನಿಲ್ಲಬೇಕು ಅಲ್ವಾ?

ಇಂಗುಬಾವಿಯ ಹೂಳು ತೆಗೆಸುವುದು – ಮೂರ್ತಿ ಸರ್ (302), ಏಪ್ರಿಲ್ 25, ಶನಿವಾರದೊಳಗೆ. ಮೀಟಿಂಗ್ ಮುಗಿದ ಮೇಲೆ ನಾವು ಕೆಲವರು ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಕೆಳಗಿನ ಎರಡು ರಿಂಗ್ ಕಾಣುವುದೇ ಇಲ್ಲ, ಕಪ್ಪು ಕೆಸರು ಗಟ್ಟಿಯಾಗಿ ಕೂತಿದೆ. ನೀರು ಇಂಗಲು ದಾರಿಯೇ ಇಲ್ಲ. ಸಾಮಾನ್ಯ ಕೂಲಿಯವರಿಗೆ ಈ ಕೆಲಸ ಕೊಡುವುದು ಬೇಡ. ಬಾವಿ ಕೆಲಸವನ್ನೇ ಮಾಡುವ ಮಣ್ಣು ಒಡ್ಡರ ತಂಡವನ್ನು ಮೂರ್ತಿ ಸರ್ ಮಾತಾಡಿಸುತ್ತಾರೆ. ಒಂದು ಷರತ್ತು: ಒಳಗೆ ಇಳಿಯುವವರಿಗೆ ಹಗ್ಗ ಕಟ್ಟಿರಬೇಕು, ಮೇಲೆ ಇಬ್ಬರು ಇರಲೇಬೇಕು. ಮುಚ್ಚಳ ತೆಗೆದಿಟ್ಟಷ್ಟು ಹೊತ್ತೂ ಮಕ್ಕಳು ಆ ಕಡೆ ಸುಳಿಯದ ಹಾಗೆ ವಾಚ್‌ಮನ್ ಮಂಜಣ್ಣ ನೋಡಿಕೊಳ್ಳುತ್ತಾರೆ. ಖರ್ಚು 15,000 ರೂಪಾಯಿವರೆಗೆ ಒಪ್ಪಿಗೆಯಾಗಿದೆ. ಅದಕ್ಕಿಂತ ಜಾಸ್ತಿ ಕೇಳಿದರೆ ಮೊದಲು ನನಗೆ ತಿಳಿಸಿ.

ತಾರಸಿ ಮತ್ತು ಪೈಪು – ಶೈಲಾ ಅವರು (404), ಏಪ್ರಿಲ್ 18, ಶನಿವಾರದೊಳಗೆ. ಪೈಪಿನ ಬಾಯಿಗಳಲ್ಲಿ ಹೊಂಗೆ ಎಲೆ, ಹಾಲಿನ ಕವರ್, ಒಂದರಲ್ಲಂತೂ ಒಡೆದ ಹೂಕುಂಡದ ಮಣ್ಣು. ಎಲ್ಲ ತೆಗೆಸಿ ಜಾಲರಿ ಹಾಕಿಸಬೇಕು. ತಾರಸಿಯಲ್ಲಿ ಹಳೇ ಸಾಮಾನು ಇಟ್ಟಿರುವ ಮನೆಯವರು ದಯವಿಟ್ಟು ಶುಕ್ರವಾರ ರಾತ್ರಿಯೊಳಗೆ ತೆಗೆದುಬಿಡಿ.

ಫಿಲ್ಟರ್ – ಇರ್ಫಾನ್ (103), ಮೇ 2, ಶನಿವಾರದೊಳಗೆ. ಜಲ್ಲಿ ತೊಳೆಸುವುದು, ಮರಳು ಹೊಸದು ಹಾಕಿಸುವುದು, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡುವ ವಾಲ್ವ್ ಸರಿಯಾಗಿ ತಿರುಗುತ್ತದಾ ನೋಡುವುದು. ಮಳೆ ಬಂದಾಗ ಆ ವಾಲ್ವ್ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅಂತ ಮಂಜಣ್ಣನಿಗೆ ಇರ್ಫಾನ್ ಅವರೇ ನಿಂತು ತೋರಿಸಿಕೊಡಬೇಕು. ಶೈಲಾ ಅವರ ಕೆಲಸ ಮುಗಿಯದೆ ಇದನ್ನು ಶುರು ಮಾಡಿ ಪ್ರಯೋಜನವಿಲ್ಲ, ಮತ್ತೆ ಕಸ ಬಂದು ತುಂಬುತ್ತದೆ.

ಟ್ಯಾಂಕರ್ ನೀರಿನ ಪರೀಕ್ಷೆ – ಡಾ. ಲತಾ (201), ಏಪ್ರಿಲ್ 22, ಬುಧವಾರದೊಳಗೆ. ನೀರು ಕೊಡುವವರು ಇದುವರೆಗೆ ಒಂದು ರಿಪೋರ್ಟೂ ತೋರಿಸಿಲ್ಲ. ಟಿಡಿಎಸ್ ಮತ್ತು ಗಡಸುತನ ಎರಡನ್ನೂ ಲ್ಯಾಬಿನಲ್ಲಿ ನೋಡಿಸೋಣ. ಕುಡಿಯುವ ನೀರಿಗೆ ಬಿಐಎಸ್ ಹೇಳುವುದು ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗೆ, ಗಡಸುತನ 200 ಒಳಗೆ. ಬಾಟಲಿ ತುಂಬಿಸುವುದು ಸಂಪಿನಿಂದ ಅಲ್ಲ, ಟ್ಯಾಂಕರಿನ ಪೈಪಿನಿಂದಲೇ.

ನಲ್ಲಿಗಳಿಗೆ ಏರೇಟರ್ – ಕಿರಣ್ (305), ಏಪ್ರಿಲ್ 30, ಗುರುವಾರದೊಳಗೆ. ಕಾಮನ್ ನಲ್ಲಿಗಳಿಗೆ ಸಂಘದ ಖರ್ಚು. ಮನೆಗೂ ಬೇಕಾದವರು ಏಪ್ರಿಲ್ 20ರೊಳಗೆ ಎಷ್ಟು ಬೇಕು ಅಂತ ಕಿರಣ್‌ಗೆ ಹೇಳಿದರೆ ಒಟ್ಟಿಗೇ ತರಿಸುತ್ತಾರೆ.

ಪೈಪ್ ಹಿಡಿದು ಕಾರು ತೊಳೆಯುವವರಿಗೆ ದಂಡ ಹಾಕಬೇಕಾ ಅನ್ನುವುದು ಇತ್ಯರ್ಥವಾಗಲಿಲ್ಲ. ಅದನ್ನು ಮುಂದಿನ ಮೀಟಿಂಗಿಗೆ ಇಟ್ಟಿದ್ದೇವೆ. ನನ್ನ ಅಭಿಪ್ರಾಯ ಅಲ್ಲೇ ಹೇಳಿದ್ದೆ: ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ 2024ರ ಮಾರ್ಚ್‌ನಲ್ಲೇ ಜಲಮಂಡಳಿ ಆದೇಶ ಮಾಡಿತ್ತು. ನಾವು ಬೇರೆ ದಂಡ ಹಾಕುವ ಮೊದಲು ಒಂದೊಂದು ಬಕೆಟ್ ಇಟ್ಟುಕೊಳ್ಳೋಣ.

ಈ ಎಲ್ಲ ಕೆಲಸದ ಬಿಲ್ಲು, ರಸೀದಿ ಖಜಾಂಚಿ ರಮೇಶ್ ಸರ್‌ಗೆ (102) ಕೊಡಿ. ಅವರು ಮೇ 3ಕ್ಕೆ ಪೂರ್ತಿ ಲೆಕ್ಕ ತರುತ್ತಾರೆ.

ನಾನು ಬರೆದುಕೊಂಡದ್ದರಲ್ಲಿ ಹೆಸರು, ತಾರೀಖು ಏನಾದರೂ ಬೇರೆ ಅನಿಸಿದರೆ ಬುಧವಾರ ಸಂಜೆಯೊಳಗೆ ಇದೇ ಮೇಲ್‌ಗೆ ಉತ್ತರಿಸಿ. ಕೊಟ್ಟ ದಿನಕ್ಕೆ ಕೆಲಸ ಆಗುವುದಿಲ್ಲ ಅನಿಸಿದರೆ ಎರಡು ದಿನ ಮುಂಚೆಯೇ ಹೇಳಿ, ಯಾರಾದರೂ ಜೊತೆಗೆ ನಿಲ್ಲುತ್ತೇವೆ.

ಮುಂದಿನ ಮೀಟಿಂಗ್ ಮೇ 3, ಭಾನುವಾರ ಬೆಳಿಗ್ಗೆ 10ಕ್ಕೆ, ಅದೇ ಜಾಗದಲ್ಲಿ.

ಸುಮಾ (203)
ಕಾರ್ಯದರ್ಶಿ, ನಿವಾಸಿಗಳ ಸಂಘ
ಜೆ.ಪಿ. ನಗರ 7ನೇ ಹಂತ, ಬೆಂಗಳೂರು