ಕಂಪ್ಯೂಟರ್ ಲ್ಯಾಬ್ 2: ಫೈಲ್ ಎಲ್ಲಿ ಸೇವ್ ಮಾಡಬೇಕು, ಶನಿವಾರ ಏನೇನು ಡಿಲೀಟ್ ಆಗುತ್ತದೆ

ದಿನಾಂಕ: 07-09-2026, ಸೋಮವಾರ
ಲ್ಯಾಬ್ 2 ಬಳಸುವ 3 ಮತ್ತು 5ನೇ ಸೆಮಿಸ್ಟರ್‌ನ ಎಲ್ಲ ವಿದ್ಯಾರ್ಥಿಗಳ ಗಮನಕ್ಕೆ

ಇನ್ನು ಮುಂದೆ ಪ್ರತಿ ಶನಿವಾರ ಸಂಜೆ 5 ಗಂಟೆಗೆ ಲ್ಯಾಬ್‌ನ 36 ಸಿಸ್ಟಮ್‌ಗಳನ್ನೂ ಖಾಲಿ ಮಾಡುತ್ತೇವೆ. ಮೊದಲ ಸಲ ಇದೇ ಶನಿವಾರ, 12-09-2026. ಸಿಸ್ಟಮ್ ಒಳಗೆ ನೀವು ಇಟ್ಟಿದ್ದು ಯಾವುದೂ ಉಳಿಯುವುದಿಲ್ಲ. ಉಳಿಯಬೇಕಾದದ್ದನ್ನು Z: ಡ್ರೈವ್‌ನಲ್ಲಿರುವ ನಿಮ್ಮ ಫೋಲ್ಡರ್‌ಗೆ ಹಾಕಿ. ಇಷ್ಟೇ ಓದಿ ಹೊರಟವರೂ ಬಚಾವ್. ಆದರೆ ಡೇಟಾಬೇಸ್ ಲ್ಯಾಬ್ ಇರುವವರು ಪೂರ್ತಿ ಓದಿ.

ಡಿಲೀಟ್ ಆಗುವುದು ಇವು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಬ್ರೌಸರ್‌ನ ಹಿಸ್ಟರಿ ಮತ್ತು ಅದರಲ್ಲಿ ಉಳಿದ ಪಾಸ್‌ವರ್ಡ್‌ಗಳು, ಹಾಗೆಯೇ `D:\Work` ಪೂರ್ತಿ. ಇದು ರೀಸೈಕಲ್ ಬಿನ್‌ಗೆ ಹೋಗುವ ಡಿಲೀಟ್ ಅಲ್ಲ. ಸ್ಕ್ರಿಪ್ಟ್ ನೇರವಾಗಿ ಅಳಿಸುತ್ತದೆ. ಸಿಸ್ಟಮ್‌ಗಳಲ್ಲಿ ಇರುವುದು ಎಸ್‌ಎಸ್‌ಡಿ, ಹಾಗಾಗಿ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯೋಣ ಅನ್ನುವ ಆಸೆಯನ್ನೂ ಬಿಟ್ಟುಬಿಡಿ. ಸೋಮವಾರ ಬೆಳಿಗ್ಗೆ ಬಂದು "ಸರ್, ಒಂದೇ ಒಂದು ಫೈಲ್" ಅಂದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಯಾಕೆ ಹೀಗೆ ಅಂತ ಕೇಳುತ್ತೀರಿ. ಒಂದೊಂದು ಸಿಸ್ಟಮ್ ಮೇಲೆ ವಾರಕ್ಕೆ ನಾಲ್ಕು ಬ್ಯಾಚ್ ಕೂರುತ್ತವೆ. ಹೋದ ತಿಂಗಳು ನೋಡಿದಾಗ ಹನ್ನೊಂದು ಸಿಸ್ಟಮ್‌ಗಳಲ್ಲಿ ಡಿಸ್ಕ್ ತುಂಬಿ ಪ್ರೋಗ್ರಾಂ ಕಂಪೈಲ್ ಕೂಡ ಆಗುತ್ತಿರಲಿಲ್ಲ. ತುಂಬಿಸಿದ್ದು ನಿಮ್ಮ ಪ್ರೋಗ್ರಾಂಗಳಲ್ಲ, ಅವು ಎಷ್ಟಿರುತ್ತವೆ ಪಾಪ. ಸಿನಿಮಾಗಳು, ಸೆಟಪ್ ಫೈಲ್‌ಗಳು, ಒಂದೇ ಪ್ರಾಜೆಕ್ಟಿನ ಏಳು ಕಾಪಿ. ಡೌನ್‌ಲೋಡ್ಸ್‌ನಲ್ಲಿ ಯಾರದೋ ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಕೂಡ ಸಿಕ್ಕಿತು. ಇನ್ನೊಂದು ಕಡೆ, ಇಂಟರ್ನಲ್ಸ್ ದಿನ ಬೆಳಗಿನ ಬ್ಯಾಚಿನ ಉತ್ತರಗಳು ಡೆಸ್ಕ್‌ಟಾಪ್ ಮೇಲೆ ಹಾಗೇ ಕೂತಿದ್ದವು. ಮಧ್ಯಾಹ್ನದವರಿಗೆ ಅದು ಖುಷಿಯ ವಿಷಯ, ನನಗಲ್ಲ.

ಈಗ ಎಲ್ಲಿ ಸೇವ್ ಮಾಡಬೇಕು ಅನ್ನುವುದು. 5ನೇ ಸೆಮಿಸ್ಟರ್, ರೋಲ್ ನಂಬರ್ 27 ಆದರೆ ನಿಮ್ಮ ಜಾಗ `Z:\SEM5\27`. Z: ಸಿಸ್ಟಮ್ ಒಳಗಿಲ್ಲ, ಸರ್ವರ್‌ನಲ್ಲಿದೆ. ಹಾಗಾಗಿ ಯಾವ ಸಿಸ್ಟಮ್ ಮೇಲೆ ಕೂತರೂ ಅದೇ ಫೋಲ್ಡರ್ ಸಿಗುತ್ತದೆ. "ನನ್ನ ಸಿಸ್ಟಮ್ 14, ಅಲ್ಲೇ ಕೂರಬೇಕು" ಅಂತ ಜಗಳ ಆಡುವ ಅಗತ್ಯ ಇನ್ನಿಲ್ಲ. ಒಬ್ಬರಿಗೆ 2 ಜಿಬಿ. ಅದು ಸೆಮಿಸ್ಟರ್ ಮುಗಿಯುವವರೆಗೆ ಇರುತ್ತದೆ, ಶನಿವಾರದ ಸ್ಕ್ರಿಪ್ಟ್ ಅದನ್ನು ಮುಟ್ಟುವುದಿಲ್ಲ. ಪ್ರತಿ ರಾತ್ರಿ ಬೇರೆ ಡಿಸ್ಕ್‌ಗೆ ಬ್ಯಾಕಪ್ ಕೂಡ ಆಗುತ್ತದೆ. ಆದರೂ ಪ್ರಾಜೆಕ್ಟ್ ಇದ್ದರೆ ಮನೆಯಲ್ಲಿ ಒಂದು ಕಾಪಿ ಇರಲಿ.

Z: ತೆರೆದಾಗ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಬರುವ Remember my credentials ಮುಂದೆ ಟಿಕ್ ಹಾಕಬೇಡಿ. ಸಿಸ್ಟಮ್‌ನ ಲಾಗಿನ್ ಎಲ್ಲರಿಗೂ ಒಂದೇ ಅಲ್ವಾ? ನೀವು ಟಿಕ್ ಹಾಕಿ ಎದ್ದು ಹೋದರೆ, ನಿಮ್ಮ ನಂತರ ಕೂತವರಿಗೆ ನಿಮ್ಮ ಫೋಲ್ಡರ್ ತೆರೆದ ಬಾಗಿಲು. ಹೊರಡುವಾಗ Sign out ಮಾಡಿ. ಸುಮ್ನೆ ಮಾನಿಟರ್ ಆಫ್ ಮಾಡಿದರೆ ಸಾಲದು.

ಚಿಕ್ಕ ಪ್ರೋಗ್ರಾಂಗಳನ್ನು ನೇರವಾಗಿ Z: ಮೇಲೇ ಬರೆಯಿರಿ. ವೆಬ್ ಪ್ರಾಜೆಕ್ಟ್‌ನಂಥ ದೊಡ್ಡದು ನೆಟ್‌ವರ್ಕ್ ಮೇಲೆ ನಿಧಾನ ಆಗುತ್ತದೆ. ಅದಕ್ಕೆ `D:\Work` ಒಳಗೆ ನಿಮ್ಮ ನಂಬರಿನ ಫೋಲ್ಡರ್ ಮಾಡಿ ಕೆಲಸ ಮಾಡಿ, ಕೊನೆಯ ಹತ್ತು ನಿಮಿಷದಲ್ಲಿ Z: ಗೆ ಕಾಪಿ ಮಾಡಿ. ಕಮಾಂಡ್ ಇದು:

```
robocopy D:\Work\27 Z:\SEM5\27 /E /XD node_modules .venv
```

27ರ ಜಾಗದಲ್ಲಿ ನಿಮ್ಮ ನಂಬರ್. `node_modules`, `.venv` ಎರಡನ್ನೂ ಬೇಕೆಂದೇ ಬಿಟ್ಟಿದ್ದೇವೆ. ಅವನ್ನು ಯಾವಾಗ ಬೇಕಾದರೂ ಮತ್ತೆ ಇನ್‌ಸ್ಟಾಲ್ ಮಾಡಬಹುದು, 2 ಜಿಬಿಯನ್ನು ನುಂಗುವುದೂ ಅವೇ. ಜಾವಾದವರಿಗೆ `.class` ಫೈಲ್ ಬೇಕಿಲ್ಲ, `.java` ಇದ್ದರೆ ಸಾಕು. ಇಂಟರ್ನೆಟ್‌ನಲ್ಲಿ ನೋಡಿ `/MIR` ಮಾತ್ರ ಸೇರಿಸಬೇಡಿ. ಅದು D: ನಲ್ಲಿ ಇಲ್ಲದ್ದನ್ನು Z: ನಿಂದಲೂ ತೆಗೆಯುತ್ತದೆ. ಸೋಮವಾರ D: ಖಾಲಿ ಇರುತ್ತದೆ. ಆಗ ಅದನ್ನು ಓಡಿಸಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಡೇಟಾಬೇಸ್ ಲ್ಯಾಬ್‌ನವರೇ, ಹೆಚ್ಚು ಏಟು ಬೀಳುವುದು ನಿಮಗೆ. ನೀವು ಮಾಡಿದ ಟೇಬಲ್‌ಗಳು ಯಾವ ಫೋಲ್ಡರ್‌ನಲ್ಲೂ ಫೈಲ್ ಆಗಿ ಕಾಣುವುದಿಲ್ಲ. ಅವು ಮೈಎಸ್‌ಕ್ಯುಎಲ್ ಒಳಗೇ, ಅದೇ ಸಿಸ್ಟಮ್‌ನಲ್ಲಿ ಇರುತ್ತವೆ. ಕ್ವೆರಿಗಳನ್ನು ಮಾತ್ರ ಸೇವ್ ಮಾಡಿ, ಡೇಟಾ ಉಳಿಯಿತು ಅಂದುಕೊಂಡರೆ ಕೆಟ್ಟಿರಿ. ಶನಿವಾರ ವಿದ್ಯಾರ್ಥಿಗಳ ಡೇಟಾಬೇಸ್‌ಗಳನ್ನೂ ಡ್ರಾಪ್ ಮಾಡುತ್ತೇವೆ. ಪ್ರತಿ ಕ್ಲಾಸ್ ಮುಗಿದಾಗ ಒಂದು ಡಂಪ್ ತೆಗೆಯಿರಿ:

```
mysqldump -u root -p library27 --result-file=Z:\SEM5\27\library27.sql
```

`>` ಹಾಕಿ ಡಂಪ್ ತೆಗೆಯುವ ಅಭ್ಯಾಸ ಇರುವವರು ಇದನ್ನೇ ಬಳಸಿ. ಲ್ಯಾಬ್‌ನ ಪವರ್‌ಶೆಲ್‌ನಲ್ಲಿ `>` ಹಾಕಿದರೆ ಫೈಲ್ ಯುಟಿಎಫ್-16 ಆಗಿ ಬರುತ್ತದೆ. ಆಮೇಲೆ ಅದನ್ನು ವಾಪಸ್ ಲೋಡ್ ಮಾಡುವಾಗ ಎರರ್ ಬರುತ್ತದೆ, ಅದೂ ಸರಿಯಾಗಿ ವೈವಾ ದಿನ. ಡಂಪ್ ಆದ ಮೇಲೆ ಫೈಲ್ ಸೈಜ್ ನೋಡಿ. 0 ಕೆಬಿ ಇದ್ದರೆ ಡಂಪ್ ಆಗಿಲ್ಲ ಅಂತಲೇ ಅರ್ಥ.

ವಿಎಸ್ ಕೋಡ್ ಬಗ್ಗೆ ಒಂದು ಮಾತು. ಸೇವ್ ಮಾಡದೆ ಮುಚ್ಚಿದರೂ ಮತ್ತೆ ತೆರೆದಾಗ ಕೋಡ್ ಅಲ್ಲೇ ಇರುತ್ತದೆ. ಹಾಗಾಗಿ ಸೇವ್ ಆಗಿದೆ ಅಂತ ನಂಬಿ ಬಿಡುವವರು ಜಾಸ್ತಿ. ಅದು ಬರೀ ಆ ಸಿಸ್ಟಮ್‌ನ ತಾತ್ಕಾಲಿಕ ಕಾಪಿ, ಶನಿವಾರ ಅದೂ ಹೋಗುತ್ತದೆ. ಟ್ಯಾಬ್‌ನಲ್ಲಿ ಹೆಸರಿನ ಪಕ್ಕ ಗುಂಡು ಚುಕ್ಕಿ ಕಂಡರೆ ಇನ್ನೂ ಸೇವ್ ಆಗಿಲ್ಲ ಅಂತ. Ctrl+S ಒತ್ತಿ, ಯಾವ ಡ್ರೈವ್‌ಗೆ ಹೋಯಿತು ಅಂತಲೂ ನೋಡಿ.

ಪೆನ್‌ಡ್ರೈವ್ ತರಬಹುದು, ಆದರೆ ಹಾಕಿದ ಕೂಡಲೇ ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಕ್ಲಿಕ್ ಮಾಡದೆ ನನ್ನ ಹತ್ತಿರ ತನ್ನಿ. ತೆಗೆಯುವಾಗ Eject ಮಾಡಿ. ಅದೊಂದನ್ನೇ ನಂಬಿ ಪ್ರಾಜೆಕ್ಟ್ ಮಾಡಬೇಡಿ. ವಾರಕ್ಕೆ ಎರಡಾದರೂ ಪೆನ್‌ಡ್ರೈವ್ ಲ್ಯಾಬ್‌ನಲ್ಲೇ ಉಳಿಯುತ್ತವೆ, ಈಗ ನನ್ನ ಡ್ರಾಯರ್‌ನಲ್ಲಿ ಒಂಬತ್ತು ಇವೆ. ನಿಮ್ಮದಿದ್ದರೆ ಬಂದು ಒಯ್ಯಿರಿ.

ಈಗ ಸಿಸ್ಟಮ್‌ಗಳಲ್ಲಿ ಏನಾದರೂ ಬೇಕಾದದ್ದು ಇದ್ದರೆ ಶುಕ್ರವಾರದೊಳಗೆ ತೆಗೆದುಕೊಳ್ಳಿ. ಕ್ಲಾಸ್ ಇಲ್ಲದವರಿಗಾಗಿ ಬುಧವಾರ ಮತ್ತು ಗುರುವಾರ ಸಂಜೆ 4ರಿಂದ 5:30ರವರೆಗೆ ಲ್ಯಾಬ್ ತೆರೆದಿರುತ್ತದೆ. Z: ಪಾಸ್‌ವರ್ಡ್ ಮರೆತವರು ಐಡಿ ಕಾರ್ಡ್ ಹಿಡಿದು ಆಗಲೇ ಬನ್ನಿ. 2 ಜಿಬಿ ಸಾಲದು ಅನ್ನುವವರು ಪ್ರಾಜೆಕ್ಟ್ ಗೈಡ್ ಸಹಿ ಮಾಡಿದ ಚೀಟಿ ತಂದರೆ ಜಾಸ್ತಿ ಜಾಗ ಕೊಡುತ್ತೇನೆ. ಶನಿವಾರ ಮಧ್ಯಾಹ್ನ 4:45ಕ್ಕೆ ಎಲ್ಲ ಸ್ಕ್ರೀನ್ ಮೇಲೂ ಒಂದು ಎಚ್ಚರಿಕೆ ಬರುತ್ತದೆ. ಅದು ಬಂದಾಗ ಕ್ಲೋಸ್ ಒತ್ತಿ ಆಟ ಮುಂದುವರಿಸಬೇಡಿ. 5ಕ್ಕೆ ಸ್ಕ್ರಿಪ್ಟ್ ಯಾರನ್ನೂ ಕೇಳದೆ ಓಡುತ್ತದೆ.

ಲ್ಯಾಬ್ ಇನ್‌ಚಾರ್ಜ್
ಕಂಪ್ಯೂಟರ್ ಲ್ಯಾಬ್ 2