ಹೊಸ ಟೀಮ್ ಲೀಡ್‌ಗೆ ಟಿಪ್ಪಣಿ: ಸರಕು ನಿಗಾ ವ್ಯವಸ್ಥೆಯ ಸ್ಥಳಾಂತರ ಯೋಜನೆ

ತಾರೀಖು: 14 ಸೆಪ್ಟೆಂಬರ್ 2026, ಸೋಮವಾರ
ಇಂದ: ಯೋಜನಾ ಕಚೇರಿ
ಹಂಚಿಕೆ: ನಿಮಗೆ ಮತ್ತು ವಿಭಾಗದ ಮುಖ್ಯಸ್ಥರಿಗೆ ಮಾತ್ರ. ಗ್ರಾಹಕರಿಗೆ ಕಳಿಸಬೇಡಿ.

ಯೋಜನೆಯ ಕಡತಗಳು, ಗ್ರಾಹಕರೊಂದಿಗಿನ ಮೂಲ ಒಪ್ಪಂದ, ಹಳೆಯ ಡೇಟಾ ಸೆಂಟರಿನ ಒಪ್ಪಂದ, ಟಿಕೆಟ್ ಪಟ್ಟಿಯಲ್ಲಿ ಬಾಕಿ ಉಳಿದ 61 ವಿಷಯಗಳು, ಇಷ್ಟನ್ನೂ ಪಕ್ಕಪಕ್ಕ ಇಟ್ಟು ಓದಿ ಈ ಟಿಪ್ಪಣಿ ಬರೆದಿದ್ದೇನೆ. ವಾರದ ಸ್ಟೇಟಸ್ ರಿಪೋರ್ಟಿನಲ್ಲಿ ಯೋಜನೆಗೆ ಹಸಿರು ಬಣ್ಣ ಹಾಕಿದ್ದಾರೆ. ಓದಿದ ಮೇಲೆ ನನಗೆ ಹಾಗೆ ಕಾಣಲಿಲ್ಲ. ರಿಪೋರ್ಟಿನ ಕಣ್ಣೆಲ್ಲ ನವೆಂಬರ್ 21ರ ಕಟ್‌ಓವರ್ ಮೇಲಿದೆ. ಆದರೆ ನಿಮ್ಮ ಕೈ ಕಟ್ಟಿಹಾಕುವ ತಾರೀಖು ಅದಲ್ಲ, ಅಕ್ಟೋಬರ್ 16. ಅಷ್ಟರೊಳಗೆ ಒಂದು ತಾಂತ್ರಿಕ ಅನುಮಾನ ಬಗೆಹರಿಯಬೇಕು. ಅದು ಈಗ ಟಿಕೆಟ್ ಪಟ್ಟಿಯಲ್ಲಿ ‘ಕಡಿಮೆ ಆದ್ಯತೆ’ ಎಂದು ಕೂತಿದೆ.

ಈ ವಾರವೇ ಆಗಬೇಕಾದದ್ದು

ಒಂದು, 4ನೇ ಹಂತದ ತಲುಪಿಸುವಿಕೆಯನ್ನು ಒಪ್ಪಂದದಲ್ಲಿ ಹೇಳಿದ ರೀತಿಯಲ್ಲಿ ಬರಹದ ಮೂಲಕ ತಿಳಿಸಿ. ಎರಡು, ಎರಡನೇ ಪರೀಕ್ಷಾ ಪ್ರತಿಗೆ ಯಾರ್‍ಯಾರಿಗೆ ಪ್ರವೇಶವಿದೆಯೋ ಅದನ್ನು ಇವತ್ತೇ ಮೊಟಕುಗೊಳಿಸಿ. ಮೂರು, 214ನೇ ಟಿಕೆಟ್ಟಿನ ಆದ್ಯತೆ ಏರಿಸಿ ಡೇಟಾಬೇಸ್ ನಿರ್ವಾಹಕರಿಗೆ ಕೊಡಿ. ಕಾರಣಗಳು ಕೆಳಗಿವೆ.

ಯೋಜನೆ ಎಲ್ಲಿ ನಿಂತಿದೆ

ಗ್ರಾಹಕರ ಸರಕು ನಿಗಾ ವ್ಯವಸ್ಥೆ ಈಗ ಸೆಂಟೋಎಸ್ 7 ಸರ್ವರಿನಲ್ಲಿ, ಪೋಸ್ಟ್‌ಗ್ರೆಸ್ 11ರ ಮೇಲೆ ಓಡುತ್ತಿದೆ. ಪೋಸ್ಟ್‌ಗ್ರೆಸ್ 11ಕ್ಕೆ ಬೆಂಬಲ ನಿಂತದ್ದು 2023ರ ನವೆಂಬರ್‌ನಲ್ಲಿ, ಸೆಂಟೋಎಸ್ 7ಕ್ಕೆ 2024ರ ಜೂನ್‌ನಲ್ಲಿ. ಎರಡಕ್ಕೂ ಭದ್ರತಾ ತಿದ್ದುಪಡಿಗಳು ಬರುತ್ತಿಲ್ಲ. ಯೋಜನೆ ಹುಟ್ಟಿದ್ದೇ ಇದಕ್ಕಾಗಿ. ಹೊಸ ಜಾಗದಲ್ಲಿ ಪೋಸ್ಟ್‌ಗ್ರೆಸ್ 16 ಮತ್ತು ಹೊಸ ಲಿನಕ್ಸ್ ಇದೆ. ಅಪ್ಲಿಕೇಶನ್ನಿನ ಕೆಲಸ ಬಹುಪಾಲು ಮುಗಿದಿದೆ, ಕೋಡ್ ಚೆನ್ನಾಗಿದೆ, ತಂಡವೂ ಚೆನ್ನಾಗಿದೆ. ಆ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಉಳಿದಿರುವುದು ದತ್ತಾಂಶವನ್ನು ಸಾಗಿಸುವುದು ಮತ್ತು ಕಾಗದದ ಕೆಲಸ. ತೊಡಕುಗಳೆಲ್ಲ ಇರುವುದು ಈ ಎರಡರಲ್ಲೇ.

214ನೇ ಟಿಕೆಟ್

ಟಿಕೆಟ್ಟಿನಲ್ಲಿ ಇರುವುದಿಷ್ಟು: ‘ಎರಡನೇ ಪರೀಕ್ಷಾ ಪ್ರತಿಯಲ್ಲಿ ಕೆಲವು ಕನ್ಸೈನ್‌ಮೆಂಟ್ ಸಂಖ್ಯೆಗಳನ್ನು ಪೂರ್ತಿ ಟೈಪ್ ಮಾಡಿದರೆ ದಾಖಲೆ ಸಿಗುವುದಿಲ್ಲ, ಸಂಖ್ಯೆಯ ಕೊನೆಯ ಭಾಗ ಮಾತ್ರ ಹಾಕಿ ಹುಡುಕಿದರೆ ಸಿಗುತ್ತದೆ.’ ಪರೀಕ್ಷಕರು ಇದನ್ನು ಹುಡುಕಾಟದ ಪರದೆಯ ಸಣ್ಣ ದೋಷ ಎಂದು ಬಗೆದಿದ್ದಾರೆ. ಪ್ರತಿ ಮಾಡಿದ ವಿಧಾನ ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಅವರನ್ನು ದೂರುವಂತಿಲ್ಲ.

ಆಗಸ್ಟ್ ಆರಂಭದ ಮೊದಲ ಪೂರ್ವಾಭ್ಯಾಸದಲ್ಲಿ ಇಡೀ ಡೇಟಾಬೇಸನ್ನು ಡಂಪ್ ತೆಗೆದು ಹೊಸ ಜಾಗದಲ್ಲಿ ತುಂಬಲಾಯಿತು. ಫಲಿತಾಂಶ ಸರಿಯಾಗಿತ್ತು, ಆದರೆ 31 ಗಂಟೆ ಹಿಡಿಯಿತು. ಗ್ರಾಹಕರು ಕೊಟ್ಟಿರುವುದು ಶನಿವಾರ ಸಂಜೆ 6ರಿಂದ ಭಾನುವಾರ ಬೆಳಿಗ್ಗೆ 8ರವರೆಗಿನ 14 ಗಂಟೆ. ಹಾಗಾಗಿ ರನ್‌ಬುಕ್ಕಿನಲ್ಲಿ ವಿಧಾನವನ್ನೇ ಬದಲಿಸಿದರು: ಹಳೆಯ ಸರ್ವರಿನ ಡೇಟಾ ಕಡತಗಳನ್ನು ಇದ್ದಂತೆಯೇ ಹೊಸ ಲಿನಕ್ಸ್‌ಗೆ ನಕಲು ಮಾಡಿ, ಅಲ್ಲಿ ಆವೃತ್ತಿ ಏರಿಸುವುದು. ಎರಡನೇ ಪ್ರತಿ ಬಂದದ್ದು ಈ ದಾರಿಯಲ್ಲಿ. 214ನೇ ಟಿಕೆಟ್ ಹುಟ್ಟಿದ್ದು ಅದಾದ ಮೂರನೇ ದಿನ.

ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಪಠ್ಯವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಲಿನಕ್ಸಿನ ಗ್ಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಗ್ಲಿಬ್‌ಸಿ 2.28ರಲ್ಲಿ ಆ ಕ್ರಮ ಬದಲಾಯಿತು, ಅದರಲ್ಲೂ ನಡುವೆ ಅಡ್ಡಗೀಟು ಇರುವ ಪದಗಳದ್ದು. ಸೆಂಟೋಎಸ್ 7ರಲ್ಲಿ ಇರುವುದು 2.17. ಡಂಪ್ ತೆಗೆದು ತುಂಬಿದರೆ ಇಂಡೆಕ್ಸುಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ, ತೊಂದರೆ ಬರುವುದಿಲ್ಲ. ಕಡತಗಳನ್ನೇ ನಕಲು ಮಾಡಿದರೆ ಇಂಡೆಕ್ಸ್ ಹಳೆಯ ಕ್ರಮದಲ್ಲೇ ಉಳಿಯುತ್ತದೆ, ಹುಡುಕುವವರು ಹೊಸ ಕ್ರಮದಲ್ಲಿ ಹುಡುಕುತ್ತಾರೆ. ಇರುವ ದಾಖಲೆ ಇಲ್ಲವೆಂಬ ಉತ್ತರ ಬರುತ್ತದೆ. ಕೊನೆಯ ಭಾಗದ ಹುಡುಕಾಟ ಇಂಡೆಕ್ಸನ್ನು ಬಳಸದೆ ಇಡೀ ಕೋಷ್ಟಕವನ್ನು ಓದುವುದರಿಂದ ಅಲ್ಲಿ ಮಾತ್ರ ಸಿಗುತ್ತದೆ. ನಮ್ಮ ಕನ್ಸೈನ್‌ಮೆಂಟ್ ಸಂಖ್ಯೆಗಳಲ್ಲಿ ಅಡ್ಡಗೀಟು ಇಲ್ಲದ್ದೇ ಕಡಿಮೆ.

ಎರಡೂ ಸರ್ವರುಗಳಲ್ಲಿ ಇದನ್ನು ಓಡಿಸಿ ನೋಡಲು ಹೇಳಿ:

```
( echo "1-1"; echo "11" ) | LC_COLLATE=en_US.UTF-8 sort
```

ಹಳೆಯದರಲ್ಲಿ 11 ಮೊದಲು ಬಂದು ಹೊಸದರಲ್ಲಿ 1-1 ಮೊದಲು ಬಂದರೆ ಅನುಮಾನ ಗಟ್ಟಿಯಾಯಿತು. ಆಮೇಲೆ ಎರಡನೇ ಪ್ರತಿಯಲ್ಲಿ:

```sql
CREATE EXTENSION IF NOT EXISTS amcheck;
SELECT bt_index_check('consignment_no_idx', true);
```

ದಾಖಲೆ ಸಿಗದಿರುವುದು ಇದರಲ್ಲಿ ಸಣ್ಣ ಕೇಡು. ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವುದೂ ಇದೇ ಇಂಡೆಕ್ಸ್. ಅದು ಕೆಟ್ಟಿದ್ದರೆ ಎರಡೆರಡು ಸಲ ಬಂದ ಸಂಖ್ಯೆಗಳು ಸದ್ದಿಲ್ಲದೆ ಒಳಗೆ ಸೇರುತ್ತವೆ. ಕಟ್‌ಓವರ್ ಆಗಿ ವಾರ ಕಳೆದ ಮೇಲೆ ಗೊತ್ತಾದರೆ ಬಿಡಿಸುವುದು ಬಲು ಕಷ್ಟ.

ದಾರಿಗಳು ಎರಡು. ನಕಲು ಮಾಡಿ, ಆವೃತ್ತಿ ಏರಿಸಿ, ಬಳಕೆದಾರರನ್ನು ಒಳಬಿಡುವ ಮೊದಲೇ ಪಠ್ಯದ ಇಂಡೆಕ್ಸುಗಳನ್ನೆಲ್ಲ ಮತ್ತೆ ಕಟ್ಟುವುದು ಒಂದು. ಅದು 14 ಗಂಟೆಯಲ್ಲಿ ಮುಗಿಯುತ್ತದೋ ಎಂದು ಯಾರೂ ಅಳೆದಿಲ್ಲ. ಇನ್ನೊಂದು, ಲಾಜಿಕಲ್ ರೆಪ್ಲಿಕೇಶನ್ ಮೂಲಕ ವಾರಗಳ ಮೊದಲೇ ದತ್ತಾಂಶ ಹರಿಸುತ್ತಾ ಬಂದು ಕೊನೆಗೆ ದಿಕ್ಕು ಬದಲಿಸುವುದು. ಇದರಲ್ಲಿ ಸೀಕ್ವೆನ್ಸುಗಳ ಮೌಲ್ಯ ತಾನಾಗಿ ಬರುವುದಿಲ್ಲ, ಕೈಯಾರೆ ಹೊಂದಿಸಬೇಕು. ಪ್ರೈಮರಿ ಕೀ ಇಲ್ಲದ 4 ಕೋಷ್ಟಕಗಳಿಗೂ ಬೇರೆ ಏರ್ಪಾಡು ಬೇಕು. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಆ ದಾರಿಯಲ್ಲಿ ಕಟ್‌ಓವರ್ ರಾತ್ರಿ ಮಾಡುವ ಕೆಲಸ ಕಡಿಮೆ. ತೀರ್ಮಾನ ನಿಮ್ಮದು ಮತ್ತು ನಿರ್ವಾಹಕರದು.

ಅಕ್ಟೋಬರ್ 16 ಏಕೆ

ಹಳೆಯ ಡೇಟಾ ಸೆಂಟರಿನ ಒಪ್ಪಂದ 2027ರ ಜನವರಿ 15ಕ್ಕೆ ಮುಗಿಯುತ್ತದೆ. 90 ದಿನ ಮೊದಲು ಬರಹದಲ್ಲಿ ನೋಟಿಸ್ ಕೊಡದಿದ್ದರೆ ಇನ್ನೊಂದು ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ. ಲೆಕ್ಕಕ್ಕೆ ಅದು ಅಕ್ಟೋಬರ್ 17, ಶನಿವಾರ. ನೋಟಿಸ್ ‘ಕೆಲಸದ ದಿನದಲ್ಲಿ ಕೈಸೇರಬೇಕು’ ಎಂಬ ಮಾತೂ ಅದೇ ಕಲಮಿನಲ್ಲಿದೆ. ಹಾಗಾಗಿ ಶುಕ್ರವಾರ, 16. ಯೋಜನೆಯ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲವೇ ಇಲ್ಲ.

ಕಟ್‌ಓವರಿಗೆ ಐದು ವಾರ ಮೊದಲೇ ಹಳೆಯ ಮನೆ ಖಾಲಿ ಮಾಡುತ್ತೇವೆಂದು ಹೇಳಬೇಕಾದ ಪರಿಸ್ಥಿತಿ ಇದು. ಅದೇ ಒಪ್ಪಂದದ ಕೊನೆಯ ಪುಟದಲ್ಲಿ, ಅವಧಿ ಮುಗಿದ ಮೇಲೆ ಮೂರು ತಿಂಗಳವರೆಗೆ ತಿಂಗಳ ಲೆಕ್ಕದಲ್ಲಿ ಒಂದೂವರೆ ಪಟ್ಟು ದರಕ್ಕೆ ಮುಂದುವರಿಯುವ ಅವಕಾಶವಿದೆ. ಒಂದು ವರ್ಷದ ಬಾಡಿಗೆಗಿಂತ ಅದು ಎಷ್ಟೋ ಅಗ್ಗ. ನೋಟಿಸಿನಲ್ಲೇ ಈ ಅವಕಾಶವನ್ನು ಬಳಸಿಕೊಳ್ಳುವುದಾಗಿ ಬರೆಯಿಸಿ.

ಮೂರನೇ ಪೂರ್ವಾಭ್ಯಾಸ ಯೋಜನೆಯಲ್ಲಿ ಅಕ್ಟೋಬರ್ 31ಕ್ಕಿದೆ. ನಿರ್ವಾಹಕರು 12ರಿಂದ 30ರವರೆಗೆ ಮೊದಲೇ ಮಂಜೂರಾದ ರಜೆಯಲ್ಲಿರುತ್ತಾರೆ. ಪೂರ್ವಾಭ್ಯಾಸವನ್ನು 10 ಮತ್ತು 11ಕ್ಕೆ ಹಿಂದಕ್ಕೆ ತಂದರೆ ಅವರೂ ಇರುತ್ತಾರೆ, ನೋಟಿಸಿಗೆ ಸಹಿ ಹಾಕುವ ಮುನ್ನ ಫಲಿತಾಂಶವೂ ಕೈಯಲ್ಲಿರುತ್ತದೆ. ಪರೀಕ್ಷಕರ ಗುತ್ತಿಗೆ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಕಟ್‌ಓವರ್ ದಿನ ಅವರು ಬೇಕೆಂದರೆ ವಿಸ್ತರಣೆಯ ಕಾಗದ ಈಗಲೇ ಹೊರಡಬೇಕು.

ಗ್ರಾಹಕರ ಒಪ್ಪಂದ: ಹಣ ನಿಂತಿರುವ ಜಾಗ

4ನೇ ಹಂತಕ್ಕೆ ಒಟ್ಟು ಮೊತ್ತದ 30% ಇದೆ. ಗಡುವು ಆಗಸ್ಟ್ 10, ನಾವು ಕೊಟ್ಟದ್ದು 24ಕ್ಕೆ. ತಲುಪಿಸಿದ ಮೇಲೆ 10 ಕೆಲಸದ ದಿನಗಳಲ್ಲಿ ಗ್ರಾಹಕರು ಆಕ್ಷೇಪಿಸದಿದ್ದರೆ ಒಪ್ಪಿದಂತೆ ಎಂದು ಕಲಂ 9 ಹೇಳುತ್ತದೆ. ತಂಡದವರು ಆ ಅವಧಿ ಮುಗಿಯಿತೆಂದು ನಂಬಿಕೊಂಡಿದ್ದಾರೆ. ಆದರೆ ಕಲಂ 21ರ ಪ್ರಕಾರ ತಲುಪಿಸಿದ್ದು ಲೆಕ್ಕಕ್ಕೆ ಬರಬೇಕಾದರೆ ಒಪ್ಪಂದದಲ್ಲಿ ಹೆಸರಿಸಿದ ವಿಳಾಸಕ್ಕೆ ಪತ್ರ ಅಥವಾ ಇಮೇಲ್ ಹೋಗಬೇಕು. ನನಗೆ ಸಿಕ್ಕಿದ್ದು ಚಾಟ್ ಗುಂಪಿನಲ್ಲಿ ಹಾಕಿದ ಒಂದು ಸಾಲು, ಅದಕ್ಕೆ ಗ್ರಾಹಕರ ಕಡೆಯವರೊಬ್ಬರ ಹೆಬ್ಬೆರಳಿನ ಚಿತ್ರ.

ಆ ಸಾಲು ನಿಲ್ಲದಿದ್ದರೆ ತಡ ಎರಡು ವಾರದ್ದಲ್ಲ. ಇವತ್ತಿಗೆ ಐದು ವಾರ ತುಂಬಿತು. ದಂಡ ವಾರಕ್ಕೆ ಆ ಹಂತದ ಮೊತ್ತದ 0.5%, ಗರಿಷ್ಠ 10%. ಅಂದರೆ ಈಗಾಗಲೇ 2.5%, ಇನ್ನೂ ಏರುತ್ತಿದೆ. ಸರಿಯಾದ ಇಮೇಲ್ ಹೋದ ದಿನ ಈ ಏರಿಕೆ ನಿಲ್ಲುತ್ತದೆ. ಪತ್ರದಲ್ಲಿ ‘ಆಗಸ್ಟ್ 24ರಂದು ತಲುಪಿಸಿದ್ದನ್ನು ಈ ಮೂಲಕ ದೃಢಪಡಿಸುತ್ತೇವೆ’ ಎಂದು ಬರೆಯಿರಿ. ಇವತ್ತು ತಲುಪಿಸುತ್ತಿದ್ದೇವೆ ಎಂಬ ಅರ್ಥ ಬರುವಂತೆ ಬರೆದರೆ ಹಳೆಯ ತಾರೀಖನ್ನು ನಾವೇ ಬಿಟ್ಟುಕೊಟ್ಟಂತೆ.

ತಡಕ್ಕೆ ನಮ್ಮ ಕಡೆ ನ್ಯಾಯವೂ ಇದೆ: ಗ್ರಾಹಕರು ಮಾದರಿ ದತ್ತಾಂಶ ಕೊಟ್ಟದ್ದು 19 ದಿನ ತಡವಾಗಿ. ಅಂಥ ತಡವನ್ನು 7 ದಿನದೊಳಗೆ ಬರಹದಲ್ಲಿ ತಿಳಿಸಿದ್ದರೆ ದಂಡವಿಲ್ಲ. ಜುಲೈ ಸಭೆಯ ನಡಾವಳಿಯಲ್ಲಿ ಇದು ದಾಖಲಾಗಿದೆ, ಪ್ರತ್ಯೇಕ ನೋಟಿಸ್ ಕಡತದಲ್ಲಿಲ್ಲ. ಆ ನಡಾವಳಿ ಕಲಂ 21ರ ವಿಳಾಸಕ್ಕೆ ಇಮೇಲ್‌ನಲ್ಲಿ ಹೋಗಿತ್ತೇ ಎಂದು ಹುಡುಕಿಸಿ. ಹೋಗಿದ್ದರೆ ವಾದಕ್ಕೆ ಬಲ ಬರುತ್ತದೆ. ಕಾನೂನು ವಿಭಾಗ ನೋಡುವವರೆಗೆ ಈ ವಿಷಯವನ್ನು ಗ್ರಾಹಕರೊಂದಿಗೆ ಎತ್ತಬೇಡಿ.

ಬದಲಾವಣೆ ಕೋರಿಕೆ 4, ಅಂದರೆ ವಾಪಸಾದ ಸರಕಿನ ವರದಿ: ಜೂನ್ ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರು, ನಮ್ಮವರು ಮಾಡಿಯೂ ಕೊಟ್ಟರು, ಸಹಿ ಆಗಿಲ್ಲ. ಸಹಿಯಿಲ್ಲದ ಕೆಲಸ ಮೂಲ ವ್ಯಾಪ್ತಿಯದೇ ಎಂದು ಒಪ್ಪಂದದಲ್ಲಿದೆ. ಇದರ ಹಣ ಬರುವುದು ಅನುಮಾನ. 4ನೇ ಹಂತದ ಒಪ್ಪಿಗೆ ಸಿಗುವ ಮುನ್ನ ಇದಕ್ಕಾಗಿ ಜಗಳಕ್ಕೆ ನಿಲ್ಲುವುದು ಲಾಭವಲ್ಲ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷಾ ಪ್ರತಿಯ ದತ್ತಾಂಶ

188ನೇ ಟಿಕೆಟ್ಟಿನ ಪ್ರಕಾರ ಎರಡನೇ ಪ್ರತಿಯಲ್ಲಿ ಸರಕು ಪಡೆಯುವವರ ನಿಜವಾದ ಹೆಸರು, ಫೋನ್ ಸಂಖ್ಯೆಗಳು ಹಾಗೇ ಇವೆ. ಮರೆಮಾಚದೆ ಪರೀಕ್ಷಾ ಪರಿಸರದಲ್ಲಿ ಇಡಬಾರದೆಂದು ಅನುಬಂಧ 3 ಸ್ಪಷ್ಟವಾಗಿ ಹೇಳುತ್ತದೆ. ಹೊರಗಿನ ಗುತ್ತಿಗೆದಾರರ ಇಬ್ಬರಿಗೂ ಅದಕ್ಕೆ ಪ್ರವೇಶವಿದೆ. ಅವರ ಪ್ರವೇಶ ತೆಗೆಸಿ, ಪ್ರವೇಶದ ಲಾಗ್ ಉಳಿಸಿ, ಗ್ರಾಹಕರಿಗೆ ತಿಳಿಸಬೇಕೇ ಎಂದು ಕಾನೂನು ವಿಭಾಗವನ್ನು ಬರಹದಲ್ಲಿ ಕೇಳಿ. ಪ್ರತಿಯನ್ನು ಅಳಿಸುವ ಆತುರ ಬೇಡ, 214ರ ಪುರಾವೆ ಇರುವುದೂ ಅದರಲ್ಲೇ.

ಉಳಿದವು

ಲೇಬಲ್ ಮುದ್ರಿಸುವ ಎರಡು ಹಳೆಯ ಪ್ರೋಗ್ರಾಮುಗಳು ಹಳೆಯ ಡ್ರೈವರ್ ಬಳಸುತ್ತವೆ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಉಳಿಸುವ ರೂಢಿಯ ವಿಧಾನ ಸ್ಕ್ರ್ಯಾಮ್ ಆಗಿರುವುದರಿಂದ, ಪಾಸ್‌ವರ್ಡ್ ಬದಲಿಸಿದೊಡನೆ ಅವು ಒಳಬರಲಾಗದೆ ನಿಲ್ಲಬಹುದು. ಡ್ರೈವರ್ ಬದಲಿಸಿದರೆ ಸಾಕು. ಬಾಕಿ ಟಿಕೆಟ್ಟುಗಳಲ್ಲಿ ನಲವತ್ತಕ್ಕೂ ಹೆಚ್ಚು ಪರದೆಯ ಬಣ್ಣ, ಅಕ್ಷರದ ಗಾತ್ರದಂಥವು. ಕಟ್‌ಓವರ್ ಆಗುವವರೆಗೆ ಅವುಗಳಿಗೆ ಸಮಯ ಕೊಡಬೇಡಿ.

ಹಿಂದಿನ ಲೀಡ್ ಬೇರೆ ತಂಡಕ್ಕೆ ಹೋಗಿದ್ದರೂ ಸೆಪ್ಟೆಂಬರ್ ಕೊನೆಯವರೆಗೆ ಗುರುವಾರ ಮಧ್ಯಾಹ್ನ ಒಂದು ಗಂಟೆ ನಿಮಗಾಗಿ ಇಟ್ಟಿದ್ದಾರೆ. ಈ ಗುರುವಾರ ಎರಡು ವಿಷಯ ಕೇಳಿ: ರನ್‌ಬುಕ್ ಬದಲಿಸುವಾಗ ಇಂಡೆಕ್ಸಿನ ಮಾತು ಬಂದಿತ್ತೇ, ಮತ್ತು ಆಗಸ್ಟ್ 24ರಂದು ಚಾಟ್ ಹೊರತು ಬೇರೆಲ್ಲಾದರೂ ಗ್ರಾಹಕರಿಗೆ ಬರೆದಿದ್ದರೇ.